ಲೆಕ್ಕ ಎಲ್ಲಾ ಸರಿ ಇದೆ, ಆದ್ರೆ ಕೆಲಸ ಮಾಡಿದ್ಯಾರು?

ಭಾಗ 1/5

ನಿಮ್ಮ ಊರಲ್ಲಿ ನರೇಗಾ ಸಾಮಾಜಿಕ ಪರಿಶೋಧನೆ ನಡೆದಾಗ ನೀವು ಎಲ್ಲಿದ್ರಿ? ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ಕಾಲೇಜಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಬರ ಕಂಡ ತಾಲ್ಲೂಕು. ಕೃಷಿ ಹೊಂಡ, ಬದು, ಕೆರೆ ಹೂಳು ಅಂತ ನಮ್ಮ ಮನೆಯವರೇ ಕೂಲಿಗೆ ಹೋಗಿರ್ತಾರೆ. ಆ ಲೆಕ್ಕ ಓದೋ ದಿನ ಮಾತ್ರ ಓದು ಬಲ್ಲ ನಾವು ಇರಲ್ಲ.

ಭಾಗ 2/5

ಮೊದಲು ಕ್ರಮ ತಿಳ್ಕೊಳ್ಳಿ. 2005ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಈ ಪರಿಶೋಧನೆ ಗ್ರಾಮಸಭೆಯ ಹಕ್ಕು. 2011ರ ನಿಯಮಗಳ ಪ್ರಕಾರ ಸಭೆಗೆ ಕನಿಷ್ಠ 15 ದಿನ ಮೊದಲೇ ದಾಖಲೆಗಳೆಲ್ಲ ಪರಿಶೋಧನಾ ತಂಡದ ಕೈ ಸೇರಬೇಕು. ತಂಡದವರು ಅದೇ ಪಂಚಾಯಿತಿಯವರು ಆಗಿರಬಾರದು. ಅವರು ಎನ್‌ಎಂಆರ್ (ಅಂದ್ರೆ ಕೂಲಿ ಹಾಜರಿ ಪಟ್ಟಿ) ಹಿಡ್ಕೊಂಡು ಮನೆ ಮನೆಗೆ ಬರ್ತಾರೆ. ಆಮೇಲೆ ಅಳತೆ ಪುಸ್ತಕ ಹಿಡ್ಕೊಂಡು ಕೆಲಸ ನಡೆದ ಜಾಗಕ್ಕೆ ಹೋಗಿ ಟೇಪ್ ಹಾಕ್ತಾರೆ. ಕೊನೆಗೆ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದ್ತಾರೆ.

ಓದೋಕೆ ಸರಳ. ಆದ್ರೆ ಎಲ್ಲಿ ಸಿಕ್ಕಿ ಹಾಕ್ಕೊಳ್ಳುತ್ತೆ ನೋಡಿ.

ಭಾಗ 3/5

ಒಂದು ಉದಾಹರಣೆ ಇಟ್ಕೊಳ್ಳೋಣ. ಒಬ್ಬ ಅಜ್ಜಿ ಕೃಷಿ ಹೊಂಡದ ಕೆಲಸಕ್ಕೆ 5 ದಿನ ಹೋದ್ರು. ಎನ್‌ಎಂಆರ್‌ನಲ್ಲಿ 12 ದಿನ ಬರೆದಿದೆ. 2025-26ರ ದರ ದಿನಕ್ಕೆ 370 ರೂಪಾಯಿ, ಹಾಗಾಗಿ ಖಾತೆಗೆ 4,440 ಬಂತು. ಅವರ ದುಡಿಮೆಗೆ ಸಲ್ಲಬೇಕಾದ್ದು 1,850. ಉಳಿದ 2,590ರಲ್ಲಿ ಅಜ್ಜಿಗೆ 500 ಬಿಟ್ಟು ಬಾಕಿ ಯಾರೋ ವಾಪಸ್ ಇಸ್ಕೊಂಡ್ರು. ಹೊಂಡ ಮಾತ್ರ ರಾತ್ರೋರಾತ್ರಿ ಜೆಸಿಬಿ ತೋಡಿತ್ತು. ಈ ಯೋಜನೆಯಲ್ಲಿ ಕೂಲಿಯವರ ಕೆಲಸ ಕಿತ್ಕೊಳ್ಳೋ ಯಂತ್ರಕ್ಕೂ ಜಾಗ ಇಲ್ಲ, ಗುತ್ತಿಗೆದಾರರಿಗೂ ಇಲ್ಲ.

ಈಗ ದಾಖಲೆ ತಾಳೆ ಹಾಕಿ. ಎನ್‌ಎಂಆರ್ 12 ದಿನ, ಪಾಸ್‌ಬುಕ್ 4,440: ಸರಿ ಇದೆ. ಹೊಂಡಕ್ಕೆ ಟೇಪ್ ಹಾಕಿ, ಅಳತೆಯೂ ಸರಿ. ಕಾಗದದಲ್ಲಿ ಒಂದು ತಪ್ಪೂ ಇಲ್ಲ! ಸುಳಿವು ಸಿಗೋದು ಎರಡೇ ಕಡೆ. ಒಂದು, ಅಜ್ಜಿಯ ಜಾಬ್ ಕಾರ್ಡ್: ಅದು ಅವರ ಮನೇಲಿ ಇಲ್ಲ, ಬೇರೆ ಯಾರದೋ ಹತ್ತಿರ ಇದೆ, ಅಥವಾ ಒಳಗಿನ ಪುಟಗಳು ಖಾಲಿ. ಇನ್ನೊಂದು, ಅಜ್ಜಿಯ ಬಾಯಿ.

ಅಜ್ಜಿ ಬಾಯಿ ಬಿಡಲ್ಲ. 500 ತಗೊಂಡಿದ್ದೀನಿ, ನನ್ನ ಮೇಲೇ ಬಂದ್ರೆ ಅನ್ನೋ ಭಯ. ಮುಂದಿನ ವಾರದ ಕೆಲಸದ ಪಟ್ಟಿಗೆ ಹೆಸರು ಬರೆಯೋದೂ ಅದೇ ಮನುಷ್ಯ. ಅವನು ಪಕ್ಕದ ಬೀದಿಯವನು, ಹಬ್ಬಕ್ಕೆ ಮನೆಗೆ ಬರೋನು.

ಭಾಗ 4/5

ಇಲ್ಲೇ ನನ್ನ ತಕರಾರು ಇರೋದು. ಸಭೆಗೆ ಬಂದು ಧೈರ್ಯವಾಗಿ ಮಾತಾಡಿ ಅಂತ ಅಜ್ಜಿಗೆ ಹೇಳೋದು ಅನ್ಯಾಯ. ಯಾಕಂದ್ರೆ ಪರಿಶೋಧನಾ ತಂಡ ಬರ್ಕೊಳ್ಳಬಹುದು, ಓದಬಹುದು, ಅಷ್ಟೇ. ಹಣ ವಸೂಲಿ ಮಾಡೋ ಅಧಿಕಾರ ಅವರಿಗಿಲ್ಲ, ಮುಂದಿನ ಕ್ರಮ ಸರ್ಕಾರದ್ದು. ಮಾತಾಡಿದವರ ಹೆಸರು ಊರಿಗೆಲ್ಲ ಗೊತ್ತಾಗುತ್ತೆ, ಕ್ರಮ ಏನಾಯ್ತು ಅನ್ನೋದು ಯಾರಿಗೂ ಗೊತ್ತಾಗಲ್ಲ. ಹೀಗಾದ್ರೆ ಮುಂದಿನ ಸಲ ಯಾರು ಬಾಯಿ ಬಿಡ್ತಾರೆ?

ಇದಕ್ಕೆ 2011ರ ನಿಯಮದಲ್ಲೇ ಒಂದು ದಾರಿ ಇದೆ, ನಾವು ಅದನ್ನ ಬಳಸ್ತಿಲ್ಲ. ಪ್ರತಿ ಪರಿಶೋಧನೆಯ ಆರಂಭದಲ್ಲೇ ಹಿಂದಿನ ಪರಿಶೋಧನೆ ಮೇಲೆ ಏನು ಕ್ರಮ ಆಯ್ತು ಅನ್ನೋ ವರದಿಯನ್ನ ಎಲ್ಲರ ಮುಂದೆ ಓದಬೇಕು. ಹೋದ ಸಲ ಎಷ್ಟು ಆಕ್ಷೇಪಣೆ, ಎಷ್ಟು ವಸೂಲಿ, ಎಷ್ಟು ಹಾಗೇ ಬಾಕಿ.

ಭಾಗ 5/5

ಅದಕ್ಕೇ ಕೇಳ್ತಿದ್ದೀನಿ, ಮುಂದಿನ ಸಭೆ ದಿನ ಒಂದು ರಜೆ ಹಾಕಿ. ಸ್ವಾಗತ ಭಾಷಣ ಮುಗಿದ ತಕ್ಷಣ ಎದ್ದು ನಿಂತು ಒಂದೇ ಮಾತು ಕೇಳಿ: "ಸಾರ್, ಮೊದಲು ಹೋದ ಸಲದ ಕ್ರಮ ವರದಿ ಓದಿ." ಈ ಪ್ರಶ್ನೆಯಲ್ಲಿ ಯಾರ ಮೇಲೂ ಆರೋಪ ಇಲ್ಲ, ನಿಮ್ಮನ್ನ ಯಾರೂ ಹಗೆ ಮಾಡ್ಕೊಳ್ಳೋ ಹಾಗಿಲ್ಲ. ವರದಿ ಇಲ್ಲ ಅಂದ್ರೆ, ಇಲ್ಲ ಅನ್ನೋದನ್ನೇ ನಡಾವಳಿಯಲ್ಲಿ ಬರೆಸಿ.

ಅದಕ್ಕೂ ಮುಂಚೆ, ತಂಡ ಮನೆ ಹತ್ತಿರ ಬಂದ ದಿನ ಅಜ್ಜಿ ಪಕ್ಕದಲ್ಲಿ ಕೂತ್ಕೊಳ್ಳಿ. ಎನ್‌ಎಂಆರ್‌ನಲ್ಲಿರೋ ತಾರೀಕು ಓದಿ ಹೇಳಿ, ಆ ದಿನ ಎಲ್ಲಿದ್ರಿ ಅಂತ ನೆನಪು ಮಾಡ್ಸಿ: ಸಂತೆ ದಿನಾನಾ, ಮದುವೆಗೆ ಹೋಗಿದ್ರಾ? ನೂರು ಜನರ ಮುಂದೆ ಬರದ ಮಾತು ಮನೆ ಜಗಲಿ ಮೇಲೆ ಬರುತ್ತೆ.

ನಾವು ಮಾಡೋಕೆ ಆಗೋದು ಇಷ್ಟು: ಜಗಲಿ ಮೇಲೆ ಓದಿ ಹೇಳೋದು, ಸಭೇಲಿ ವರದಿ ಕೇಳೋದು. ಅದಾದ್ಮೇಲೆ ಮಾತಾಡ್ಬೇಕಾ ಬೇಡ್ವಾ ಅನ್ನೋದು ಅಜ್ಜಿಗೆ ಬಿಟ್ಟಿದ್ದು.

ನಿಮ್ಮ ಮನೇಲಿ ಜಾಬ್ ಕಾರ್ಡ್ ಯಾರ ಹತ್ತಿರ ಇದೆ? ಇವತ್ತು ಕೇಳಿ ನೋಡಿ, ಕಾಮೆಂಟಲ್ಲಿ ಹೇಳಿ.

#ನರೇಗಾ #ಸಾಮಾಜಿಕಪರಿಶೋಧನೆ #ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ