ವರ್ಗವಾಗಿ ಬಂದವರ ಬಾಡಿಗೆ ಲೆಕ್ಕ

ಊರಿನಿಂದ ಚೆನ್ನೈಗೆ ವರ್ಗವಾಗಿ ಬರುವ ಕನ್ನಡಿಗರು ವರ್ಷದ ನಡುವೆ ಮನೆ ಬದಲಿಸುವುದು ಸಾಮಾನ್ಯ. ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದವರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಉಂಟು. ಹೊಸ ಪದ್ಧತಿಯಲ್ಲಿ ಅದಿಲ್ಲ. ಆದರೆ ಇಡೀ ವರ್ಷದ ಮೊತ್ತವನ್ನು ಕೂಡಿಸಿ ಒಂದೇ ಸಲ ಲೆಕ್ಕ ಹಾಕಿದರೆ ವಿನಾಯಿತಿ ತಪ್ಪಾಗಬಹುದು.

ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದಕ್ಕೆ ಮಾತ್ರ ವಿನಾಯಿತಿ: ಕೈಗೆ ಬಂದ ಭತ್ಯೆ, ಕೊಟ್ಟ ಬಾಡಿಗೆಯಲ್ಲಿ ಸಂಬಳದ ಶೇ. 10 ಕಳೆದು ಉಳಿದದ್ದು. ವಾಸದ ಮನೆ ಚೆನ್ನೈಯಲ್ಲಿದ್ದರೆ ಸಂಬಳದ ಶೇ. 50, ಮೈಸೂರಿನಲ್ಲಿದ್ದರೆ ಶೇ. 40. ಇಲ್ಲಿ ಸಂಬಳವೆಂದರೆ ಮೂಲವೇತನ ಮತ್ತು ನಿವೃತ್ತಿ ಸೌಲಭ್ಯಕ್ಕೆ ಲೆಕ್ಕಕ್ಕೆ ಬರುವ ತುಟ್ಟಿಭತ್ಯೆ. ಪೂರ್ತಿ ಸಂಬಳ ತುಂಬಿಸಿದರೆ ಉತ್ತರ ಕೆಡುತ್ತದೆ.

ಎಕ್ಸೆಲ್ ಹಾಳೆಯಲ್ಲಿ ತಿಂಗಳಿಗೊಂದು ಸಾಲು ಇಟ್ಟು, A ಅಂಕಣದಲ್ಲಿ ಭತ್ಯೆ, B ಯಲ್ಲಿ ಬಾಡಿಗೆ, C ಯಲ್ಲಿ ಸಂಬಳ, D ಯಲ್ಲಿ ಊರಿನ ಶೇಕಡಾವಾರು ಬರೆದರೆ ಸೂತ್ರ ಇಷ್ಟೇ:

```
=MAX(0,MIN(A2,B2-C2*10%,C2*D2))
```

ಬಾಡಿಗೆ ಸಂಬಳದ ಶೇ. 10ಕ್ಕಿಂತ ಕಡಿಮೆ ಇದ್ದಾಗ ಎರಡನೆಯ ಮೊತ್ತ ಋಣವಾಗುತ್ತದೆ, MIN ಅದನ್ನೇ ಆರಿಸುತ್ತದೆ. ಅದನ್ನು ಸೊನ್ನೆಗೆ ನಿಲ್ಲಿಸಲು MAX ಬೇಕು.

ಒಬ್ಬ ನೌಕರರ ಉದಾಹರಣೆ ನೋಡೋಣ. ಅವರ ತಿಂಗಳ ಸಂಬಳ 60,000 ರೂ., ಭತ್ಯೆ 18,000 ರೂ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೈಸೂರಿನಲ್ಲಿ ಬಾಡಿಗೆ 14,000 ರೂ.; ಶೇ. 10 ಅಂದರೆ 6,000 ಕಳೆದರೆ ತಿಂಗಳಿಗೆ 8,000 ರೂ. ವಿನಾಯಿತಿ. ಅಕ್ಟೋಬರ್‌ನಿಂದ ಚೆನ್ನೈಯಲ್ಲಿ ಬಾಡಿಗೆ 28,000 ರೂ.; ಕಳೆದು ಉಳಿದದ್ದು 22,000 ಆದರೂ ಭತ್ಯೆಯೇ 18,000, ಆದ್ದರಿಂದ ವಿನಾಯಿತಿ ಅಷ್ಟಕ್ಕೇ ನಿಲ್ಲುತ್ತದೆ. ಆರಾರು ತಿಂಗಳು ಕೂಡಿಸಿದರೆ 48,000 ಮತ್ತು 1,08,000, ಒಟ್ಟು 1,56,000 ರೂ.

ಇದನ್ನೇ ವರ್ಷದ ಮೊತ್ತದಲ್ಲಿ ಒಂದೇ ಸಾಲಿಗೆ ಹಾಕಿದರೆ ಒಟ್ಟು ಬಾಡಿಗೆ 2,52,000ದಲ್ಲಿ 72,000 ಕಳೆದು 1,80,000 ಬರುತ್ತದೆ. ಹೆಚ್ಚಾಗಿ ತೋರುವ 24,000 ರೂ. ಎಲ್ಲಿಂದ ಬಂತು? ಚೆನ್ನೈಯಲ್ಲಿ ಭತ್ಯೆಯನ್ನು ಮೀರಿದ ಬಾಡಿಗೆ, ಮೈಸೂರಿನ ತಿಂಗಳುಗಳಲ್ಲಿ ಬಳಕೆಯಾಗದೆ ಉಳಿದ ಭತ್ಯೆಯೊಳಗೆ ತುಂಬಿಕೊಂಡಿತು. ನಿಯಮ ಇದಕ್ಕೆ ಒಪ್ಪುವುದಿಲ್ಲ. ಆಯಾ ಮನೆಯಲ್ಲಿ ವಾಸವಿದ್ದ ಅವಧಿಗೆ ಆಯಾ ಲೆಕ್ಕ. ಶೇ. 20ರ ಹಂತದವರಿಗೆ ಇದು 4,800 ರೂ. ತೆರಿಗೆ, ಮೇಲೆ ಸೆಸ್. ಮುಂದೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಬಡ್ಡಿಯೂ ಸೇರುತ್ತದೆ.

ಮನೆ, ಬಾಡಿಗೆ, ಸಂಬಳ, ಭತ್ಯೆ ಯಾವುದೂ ವರ್ಷವಿಡೀ ಬದಲಾಗದಿದ್ದರೆ ಎರಡು ಲೆಕ್ಕವೂ ಒಂದೇ. ಬದಲಾದವರು ಹನ್ನೆರಡು ಸಾಲಿನ ಮೊತ್ತವನ್ನು ಕಚೇರಿ ಕೊಟ್ಟ ನಮೂನೆ 16ರ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ವ್ಯತ್ಯಾಸ ಕಂಡರೆ ರಿಟರ್ನ್ ಸಲ್ಲಿಸುವ ಮೊದಲೇ ವೇತನ ವಿಭಾಗದಲ್ಲಿ ಕೇಳುವುದು ಲೇಸು.