ಗುಟ್ಟನ್ನು ಪಲ್ಲವಿಗೆ ಕಟ್ಟಬೇಡಿ

ಒಂದೇ ಪಾತ್ರ ಮೊದಲಿಂದ ಕೊನೆಯವರೆಗೆ ಮಾತಾಡುವ ಹಾಡುಗಳನ್ನು ನಮ್ಮವರು ಈಚೆಗೆ ಬಹಳ ಬರೆಯುತ್ತಿದ್ದಾರೆ. ಬರೆಯಲಿ. ನನ್ನ ತಕರಾರು ಒಂದೇ: ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಮಾತಾಡುವುದು ಪಾತ್ರವಲ್ಲ, ಕವಿ. ಮೊದಲ ಚರಣದಲ್ಲಿ ರೈತನಾಗಿದ್ದವನು ಎರಡನೆಯದರಲ್ಲಿ ‘ಒಡಲಾಳದ ನೋವು’ ಅನ್ನುತ್ತಾನೆ, ಮೂರನೆಯದರಲ್ಲಿ ತನ್ನ ಗುಟ್ಟನ್ನು ತಾನೇ ಬಿಡಿಸಿ ಹೇಳಿ ಅಳುತ್ತಾನೆ. ಹೀಗೆ ಅತ್ತ ಮೇಲೆ ಕೇಳುಗನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಈ ಬಗೆಯ ಹಾಡು ಹೇಗಿರಬೇಕು ಅನ್ನುವುದಕ್ಕೆ ನಾನು ಮತ್ತೆ ಮತ್ತೆ ಹೋಗುವುದು ಅಮೆರಿಕದ ಬಾಬಿ ಜೆಂಟ್ರಿ 1967ರಲ್ಲಿ ಹಾಡಿದ ‘ಓಡ್ ಟು ಬಿಲ್ಲಿ ಜೋ’ಗೆ. ಮಿಸಿಸಿಪ್ಪಿಯ ಒಂದು ರೈತರ ಮನೆ. ಹೊಲದಿಂದ ಬಂದವರು ಊಟಕ್ಕೆ ಕೂತಿದ್ದಾರೆ. ಊರಿನ ಹುಡುಗನೊಬ್ಬ ಸೇತುವೆಯಿಂದ ಹಾರಿ ಸತ್ತ ಸುದ್ದಿಯನ್ನು ತಾಯಿ ಹೇಳುತ್ತಾಳೆ. ಅಪ್ಪ ಆ ಹುಡುಗನನ್ನು ಹಗುರವಾಗಿ ಅಂದು ಬಡಿಸಲು ಕೇಳುತ್ತಾನೆ. ಕತೆ ಹೇಳುತ್ತಿರುವ ಮಗಳು ತನಗೇನಾಯಿತು ಅಂತ ಒಂದು ಮಾತೂ ಆಡುವುದಿಲ್ಲ. ಅವಳು ಉಣ್ಣುತ್ತಿಲ್ಲ ಅನ್ನುವುದು ತಾಯಿ ಗದರಿದಾಗ ಮಾತ್ರ ನಮಗೆ ಗೊತ್ತಾಗುತ್ತದೆ. ಐದು ಚರಣಗಳ ಹಾಡಿನ ನಾಲ್ಕನೆಯದರಲ್ಲಿ, ಪಾದ್ರಿ ಭಾನುವಾರ ಊಟಕ್ಕೆ ಬರುವ ಮಾತಿನ ಜೊತೆಗೇ, ಅದೇ ತಾಯಿ ಇನ್ನೊಂದನ್ನು ಸೇರಿಸುತ್ತಾಳೆ: ನಿನ್ನಂತೆ ಕಾಣುವ ಹುಡುಗಿಯೊಬ್ಬಳು ಅವನ ಜೊತೆ ಸೇತುವೆ ಮೇಲಿಂದ ಏನನ್ನೋ ಎಸೆಯುತ್ತಿದ್ದಳಂತೆ. ಏನು ಎಸೆದರು ಅನ್ನುವುದು ಕೊನೆಗೂ ತಿಳಿಯುವುದಿಲ್ಲ. ಗುಟ್ಟು ಹೊರಬಿದ್ದದ್ದು ಗುಟ್ಟಿನ ಒಡತಿಯ ಬಾಯಿಂದಲ್ಲ, ಪಕ್ಕದಲ್ಲಿ ಕೂತವರ ಬಾಯಿಂದ. ಅವಳ ದನಿ ಎಲ್ಲೂ ಏರುವುದಿಲ್ಲ.

ನಮ್ಮ ಕಷ್ಟ ಬೇರೆ. ಆ ಹಾಡಿಗೆ ಪ್ರತ್ಯೇಕ ಪಲ್ಲವಿಯಿಲ್ಲ. ನಮ್ಮಲ್ಲಿ ಪ್ರತಿ ಚರಣದ ಬಳಿಕ ಪಲ್ಲವಿಗೆ ಮರಳಲೇಬೇಕು. ಗುಟ್ಟು ಪಲ್ಲವಿಯಲ್ಲಿದ್ದರೆ ಅದು ಮೊದಲ ನಿಮಿಷದಲ್ಲೇ ಬಯಲು. ಹಾಗಾಗಿ ಪಲ್ಲವಿ ಆ ಪಾತ್ರ ದಿನಾ ಆಡುವ ಸಾದಾ ಮಾತಾಗಿರಬೇಕು. ಕೊನೆಯ ಚರಣದ ನಂತರ ಅದೇ ಮಾತು, ಒಂದಕ್ಷರ ಬದಲಾಗದೆ, ಬೇರೆಯದಾಗಿ ಕೇಳಿಸಬೇಕು.

ಒಂದನ್ನು ಕಟ್ಟಿಯೇ ನೋಡೋಣ. ಹಾವೇರಿ ಕಡೆಯ ಅಪ್ಪ, ಪುಣೆಯಲ್ಲಿ ಓದುವ ಮಗನ ಜೊತೆ ಫೋನಿನಲ್ಲಿದ್ದಾನೆ. ಫೀಸು ಕಟ್ಟಲು ಎತ್ತು ಮಾರಿದ್ದಾನೆ, ಹೇಳಿಲ್ಲ. ಪಲ್ಲವಿ: ‘ನಾವಿಲ್ಲಿ ಆರಾಮ ಅದೀವಿ, ನಿಂದು ಊಟ ಆತೇನು?’

ಮೊದಲ ಚರಣದಲ್ಲಿ ಫೀಸು ಮುಟ್ಟಿತೇ ಅಂತ ಕೇಳಿ, ‘ಈಗೀಗ ಹೊತ್ತೇರಿದ ಮ್ಯಾಲ ಏಳ್ತೀನಿ’ ಅನ್ನುತ್ತಾನೆ. ಮುದುಕನಿಗೆ ವಿಶ್ರಾಂತಿ ಸಿಕ್ಕಿದೆ ಅಂದುಕೊಳ್ಳುತ್ತೇವೆ. ಎರಡನೆಯದರಲ್ಲಿ ‘ಬಣವಿ ಹಂಗ ಐತಿ, ಇನ್ನೂ ಕೈ ಹಚ್ಚಿಲ್ಲ.’ ಮೇವು ಸಮೃದ್ಧಿ ಅನ್ನಿಸುತ್ತದೆ. ಮೂರನೆಯದರಲ್ಲಿ, ಮನೆ ಸುಣ್ಣ ಬಳಿದ ವಿಷಯ ಹೇಳುತ್ತಾ, ‘ಕೊಳ್ಳಗಂಟಿ ಹುಣಸಿಹಣ್ಣ ಹಚ್ಚಿ ತಿಕ್ಕಿ ಗೂಟಕ್ಕ ತೂಗಹಾಕೀನಿ.’ ಇಷ್ಟೇ. ಗಂಟೆ ಗೂಟದಲ್ಲಿದ್ದರೆ ಕೊರಳೆಲ್ಲಿ? ಆಗ ತಡವಾಗಿ ಏಳುವುದಕ್ಕೂ ಬಣವೆ ಕರಗದಿರುವುದಕ್ಕೂ ಕಾರಣ ಹೊಳೆಯುತ್ತದೆ. ಮುಂದೆ ಬರುವ ‘ಆರಾಮ ಅದೀವಿ’ ಮೊದಲಿನದಲ್ಲ.

ಗಮನಿಸಿ, ಅಪ್ಪ ಎಲ್ಲೂ ಸುಳ್ಳಾಡಿಲ್ಲ. ಎರಡು ಸುಳಿವೂ ಮೊದಲ ಸಲ ಕೇಳಿದಾಗ ಒಂದು ಮುಗ್ಧ ಅರ್ಥ ಕೊಡುತ್ತವೆ, ತಿರುಗಿ ನೋಡಿದಾಗ ನಿಜವಾಗಿಯೇ ನಿಲ್ಲುತ್ತವೆ. ಮೊದಲ ಚರಣದಲ್ಲಿ ‘ಎತ್ತಿಗೆ ಮೇವು ಹಾಕಿ ಬಂದೆ’ ಅಂತ ಹೇಳಿಸಿದರೆ ಅದು ಕೇಳುಗನಿಗೆ ಮಾಡಿದ ಮೋಸ, ಹಾಡು ಎರಡನೇ ಸಲಕ್ಕೆ ಸತ್ತುಹೋಗುತ್ತದೆ. ಭಾಷೆಯೂ ಅಷ್ಟೇ ಮುಖ್ಯ. ಮಾತ್ರೆ ಕೂಡಲಿಲ್ಲ ಅಂತ ‘ಅದೀವಿ’ಯನ್ನು ಒಂದು ಕಡೆ ‘ಇದ್ದೇವೆ’ ಮಾಡಿದಿರೋ, ಫೋನಿನಾಚೆ ಇನ್ನೊಬ್ಬ ಬಂದು ಕೂತ ಹಾಗೆ. ಅಂಥ ಕಡೆ ಸಾಲನ್ನೇ ಬಿಸಾಡಿ, ಅಪ್ಪನನ್ನು ಬದಲಾಯಿಸಬೇಡಿ.

‘ಒಂದೇ ಸಲ ಕೇಳುವವರಿಗೆ ಅರ್ಥವಾಗಬೇಡವೇ?’ ಅಂತ ನಮ್ಮೂರಿನ ಸಂಘವೊಂದರ ಹಾಡಿನ ಸ್ಪರ್ಧೆಯಲ್ಲಿ ಸಹ ತೀರ್ಪುಗಾರರೊಬ್ಬರು ನನ್ನನ್ನು ಕೇಳಿದರು. ‘ನಿನಗಾಗಿ ಎತ್ತು ಮಾರಿದೆನೋ ಮಗನೇ’ ಅನ್ನುವ ಜಾತಿಯ ಸಾಲಿಗೆ ಅವರು ಮೊದಲ ಬಹುಮಾನ ಕೊಡುವವರು. ಅರ್ಥವಾಗಬೇಕು, ನಿಜ. ಅದಕ್ಕೆ ಪರೀಕ್ಷೆಯೂ ಇದೆ. ಕತೆ ಗೊತ್ತಿಲ್ಲದ ಮೂವರಿಗೆ ಹಾಡಿ ತೋರಿಸಿ, ಏನಾಯಿತು ಅಂತ ಕೇಳಿ. ಮೂವರಿಗೂ ಎರಡನೇ ಚರಣದಲ್ಲೇ ಗೊತ್ತಾಗಿದ್ದರೆ ಬಣವೆಯ ಸಾಲು ಜೋರಾಯಿತು. ಒಬ್ಬರಿಗೂ ಗೊತ್ತಾಗದಿದ್ದರೆ ಹಿಂದಿನ ಸುಳಿವು ಸಾಲದು, ಅದನ್ನು ಗಟ್ಟಿ ಮಾಡಿ. ‘ಹೊತ್ತೇರಿದ ಮ್ಯಾಲ’ಕ್ಕೆ ಮುಂಚೆ ‘ನಸುಕಿನಾಗ ಏಳೂ ಕೆಲಸಿಲ್ಲ’ ಸೇರಿಸಬಹುದು. ಗಂಟೆಯ ಸಾಲಿಗೆ ಮಾತ್ರ ವಿವರಣೆ ಹಚ್ಚಬೇಡಿ.

ಇನ್ನು ಸಂಗೀತದವರಿಗೆ. ಗಂಟೆಯ ಸಾಲನ್ನು ಮೂರು ಸಲ ಹಾಡಿಸಬೇಡಿ, ಅಪ್ಪ ಅದನ್ನು ಒಂದೇ ಸಲ ಹೇಳಿದ್ದು. ಅಲ್ಲಿ ಗಾಯಕನ ಗಂಟಲು ಕಟ್ಟುವುದೂ ಬೇಡ, ಯಾಕೆಂದರೆ ಮಗನಿಗೆ ಗೊತ್ತಾಗಬಾರದು ಅಂತಲೇ ಆ ಅಪ್ಪ ಇಷ್ಟು ಹೊತ್ತು ಸುಣ್ಣದ ಮಾತಾಡಿದ್ದು. ಕೊನೆಯ ಪಲ್ಲವಿಗೆ ಪಿಟೀಲು ಏರಿಸದೆ, ಮೊದಲಿನದೇ ಲಯದಲ್ಲಿ ‘ಆತೇನು?’ ಅಂತ ಕೇಳಿ ಬಿಟ್ಟುಬಿಡಿ.