ಸುದ್ದಿಯನ್ನು ಮೂರು ವಾಕ್ಯಕ್ಕೆ ಇಳಿಸುವಾಗ ‘ನಾಳೆ’ ಎಂದು ಬರೆಯಬೇಡಿ

ಊರಿನ ವಾಟ್ಸಾಪ್ ಗುಂಪಿಗೆ ಪೇಪರಿನ ಸುದ್ದಿಯನ್ನು ಚಿಕ್ಕದು ಮಾಡಿ ಹಾಕುವವರು ಈಗ ಪ್ರತಿ ಹಳ್ಳಿಯಲ್ಲೂ ಒಬ್ಬರಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಸುದ್ದಿ ಚಿಕ್ಕದಾಗುವಾಗ ಮೊದಲು ಹೋಗುವುದು ದಿನಾಂಕ, ಆಮೇಲೆ ಜಾಗ. ಉಳಿಯುವುದು ದೊಡ್ಡ ಅಂಕಿ ಮತ್ತು ದೊಡ್ಡವರ ಹೆಸರು. ಇದು ತಲೆಕೆಳಗು ಎನ್ನುವುದು ನಮ್ಮ ವಾದ.

ಒಂದು ಹಳೆಯ ಸುದ್ದಿ ತೆಗೆದುಕೊಳ್ಳೋಣ. ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಮೆಟ್ರೊ ಬಂದದ್ದು 2014ರ ಮಾರ್ಚ್ 1ರಂದು. ಪೀಣ್ಯ ಕಡೆಯಿಂದ ಬಂದ ರೈಲು ಅಲ್ಲಿಗೇ ನಿಲ್ಲುತ್ತಿತ್ತು. ತುಮಕೂರು ಕಡೆಯಿಂದ ಬಂದು ಪೀಣ್ಯದಲ್ಲಿ ಮೆಟ್ರೊ ಹತ್ತಿದವರು ಮೆಜೆಸ್ಟಿಕ್‌ಗೆ ಹೋಗಬೇಕಾದರೆ ಸಂಪಿಗೆ ರಸ್ತೆಯಲ್ಲಿ ಇಳಿದು ಬಸ್ಸೋ ಆಟೋವೋ ಹಿಡಿಯಬೇಕಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. 2017ರ ಜೂನ್‌ನಲ್ಲಿ ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿವರೆಗೆ ದಾರಿ ತೆರೆಯಿತು.

ಆ ಸುದ್ದಿಯೊಳಗೆ ಎರಡು ದಿನಾಂಕಗಳಿದ್ದವು. ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ್ದು ಜೂನ್ 17, ಶನಿವಾರ. ಜನರಿಗೆ ರೈಲು ಸಿಕ್ಕಿದ್ದು ಜೂನ್ 18, ಭಾನುವಾರ. ಜಾಗವೂ ಎರಡು: ಸಮಾರಂಭ ನಡೆದದ್ದು ವಿಧಾನಸೌಧದ ಬಳಿ, ಹೊಸ ದಾರಿ ಇದ್ದದ್ದು ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಗೆ. ಇವುಗಳ ನಡುವೆ 42.3 ಕಿ.ಮೀ. ಎಂಬ ಅಂಕಿಯೊಂದಿತ್ತು. ಅದು ಮೊದಲ ಹಂತದ ಒಟ್ಟು ಉದ್ದ. ಆಗಲೇ ಓಡುತ್ತಿದ್ದ ಬೈಯಪ್ಪನಹಳ್ಳಿ–ಮೈಸೂರು ರಸ್ತೆ ಮಾರ್ಗವೂ ಅದರಲ್ಲಿ ಸೇರಿತ್ತು.

ಅವಸರದಲ್ಲಿ ಇಳಿಸಿದರೆ ಇದು ಹೀಗಾಗುತ್ತದೆ: ‘ಬೆಂಗಳೂರಿನಲ್ಲಿ ನಾಳೆ 42 ಕಿ.ಮೀ. ಮೆಟ್ರೊಗೆ ರಾಷ್ಟ್ರಪತಿಯಿಂದ ಚಾಲನೆ.’ ಓದಲು ಚೆನ್ನಾಗಿದೆ. ಆದರೆ ಇದನ್ನು ನಂಬಿ ಶನಿವಾರವೇ ಹೊರಟವರು ಸಂಪಿಗೆ ರಸ್ತೆಯಲ್ಲಿ ಇಳಿಯಲೇಬೇಕು. ಅಷ್ಟೂ ದಾರಿ ಒಂದೇ ದಿನ ಹೊಸದಾಗಿ ಶುರುವಾಯಿತು ಎಂಬ ತಪ್ಪು ಕಲ್ಪನೆ ಬೇರೆ. ಇನ್ನು ಆ ‘ನಾಳೆ’: ಪೇಪರಿಗೆ ತನ್ನ ತಲೆಯ ಮೇಲೆ ತಾರೀಖು ಇರುತ್ತದೆ, ಫಾರ್ವರ್ಡ್ ಆದ ಮೆಸೇಜಿಗೆ ಇರುವುದಿಲ್ಲ. ನಾಲ್ಕು ದಿನದ ನಂತರ ಓದಿದವರಿಗೂ ಅದು ನಾಳೆಯೇ.

ನಾವಾದರೆ ಆ ಶನಿವಾರ ಸಂಜೆ ಹೀಗೆ ಬರೆಯುತ್ತಿದ್ದೆವು:

‘ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್ ಮೂಲಕ ಯಲಚೇನಹಳ್ಳಿವರೆಗಿನ ಮೆಟ್ರೊ ಮಾರ್ಗವನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ 2017ರ ಜೂನ್ 17, ಶನಿವಾರ ಉದ್ಘಾಟಿಸಿದರು. ಜನರು ಇದರಲ್ಲಿ ಓಡಾಡಬಹುದಾದದ್ದು ಜೂನ್ 18, ಭಾನುವಾರದಿಂದ. ಇದುವರೆಗೆ ಸಂಪಿಗೆ ರಸ್ತೆಯಲ್ಲೇ ನಿಲ್ಲುತ್ತಿದ್ದ ನಾಗಸಂದ್ರ, ಪೀಣ್ಯ ಕಡೆಯ ರೈಲು ಇನ್ನು ಮೆಜೆಸ್ಟಿಕ್‌ಗೆ ನೇರವಾಗಿ ಹೋಗುತ್ತದೆ.’

ಮೊದಲ ವಾಕ್ಯದಲ್ಲೇ ಯಾರು, ಏನು, ಯಾವಾಗ, ಎಲ್ಲಿ ನಾಲ್ಕೂ ಬಂದವು. ಎರಡನೆಯದು ಓದುಗನಿಗೆ ನಿಜವಾಗಿ ಬೇಕಾದ ದಿನಾಂಕಕ್ಕೆಂದೇ ಮೀಸಲು. ಮೂರನೆಯದು ಏನು ಬದಲಾಯಿತು ಎನ್ನುವುದಕ್ಕೆ. ವಿಧಾನಸೌಧವನ್ನು ಬೇಕೆಂದೇ ಬಿಟ್ಟೆವು, ಏಕೆಂದರೆ ಪ್ರಯಾಣಿಕನಿಗೆ ‘ಎಲ್ಲಿ’ ಅಂದರೆ ನಿಲ್ದಾಣ, ವೇದಿಕೆಯಲ್ಲ. 42.3 ಕಿ.ಮೀ. ಕೂಡ ಬಿಟ್ಟೆವು. ಭಾಷಣ, ಖರ್ಚು, ಸುರಂಗ ಕೊರೆದ ಕಥೆ ಬೇಕಾದವರು ಪೂರ್ತಿ ವರದಿ ಓದಲಿ. ‘ಮಲ್ಲೇಶ್ವರದ’ ಎಂಬ ಪದವನ್ನು ಮಾತ್ರ ಬಿಡಲಿಲ್ಲ. ಬೆಂಗಳೂರಿನವರಿಗೆ ಸಂಪಿಗೆ ರಸ್ತೆ ಎಂದರೆ ಸಾಕು, ನಮ್ಮೂರಿನವರಿಗೆ ಸಾಲದು.

ಕನ್ನಡದಲ್ಲಿ ‘ಯಾರು’ ಜಾರಿಹೋಗುವುದು ಬಹಳ ಸುಲಭ. ‘ಉದ್ಘಾಟನೆ ನೆರವೇರಿತು’ ಎಂದರೆ ವಾಕ್ಯ ಮುಗಿಯುತ್ತದೆ, ಮಾಡಿದವರು ಕಾಣಿಸುವುದೇ ಇಲ್ಲ. ಉದ್ಘಾಟನೆಯಲ್ಲಿ ಅದು ಸಣ್ಣ ನಷ್ಟ. ‘ಪಡಿತರ ತಡೆಹಿಡಿಯಲಾಗಿದೆ’ ಎಂಬ ಸುದ್ದಿಯಲ್ಲಿ ಸಣ್ಣದಲ್ಲ, ತಡೆದವರು ಯಾರೆಂದು ತಿಳಿಯದೆ ಜನ ಯಾವ ಕಚೇರಿಗೆ ಹೋಗಬೇಕು? ಹಾಗೆಯೇ ‘ಎಂದು ಪೊಲೀಸರು ಹೇಳಿದ್ದಾರೆ’, ‘ಎಂಬ ಆರೋಪವಿದೆ’ ಎನ್ನುವ ಬಾಲಗಳನ್ನು ಜಾಗ ಉಳಿಸಲು ಕತ್ತರಿಸಬಾರದು. ಬಾಲ ಹೋದರೆ ಆರೋಪಿಯೇ ಅಪರಾಧಿ ಆಗುತ್ತಾನೆ, ಅವನು ಪಕ್ಕದ ಬೀದಿಯವನೇ ಆಗಿದ್ದರೆ ಗತಿಯೇನು? ಇಂಥ ಸುದ್ದಿ ಮೂರು ವಾಕ್ಯದಲ್ಲಿ ಹಿಡಿಯದಿದ್ದರೆ ನಾಲ್ಕು ಬರೆಯಿರಿ, ಯಾರೂ ಬೈಯುವುದಿಲ್ಲ.

ಕಳಿಸುವ ಮುಂಚೆ ಪೇಪರ್ ಓದದ ಒಬ್ಬರಿಗೆ ಬರೆದದ್ದನ್ನು ಓದಿ ಹೇಳಿ, ಮನೆಯ ಅಜ್ಜಿಯಾದರೂ ಸರಿ. ಆಮೇಲೆ ‘ಯಾವತ್ತಿನಿಂದ ಹೋಗಬಹುದಂತೆ, ಎಲ್ಲಿ ಹತ್ತಬೇಕಂತೆ?’ ಎಂದು ಕೇಳಿ. ಅವರು ‘ನಾಳೆ, ಬೆಂಗಳೂರಲ್ಲಿ’ ಎಂದರೆ ಮೆಸೇಜು ಇನ್ನೂ ಕಳಿಸುವಂತಾಗಿಲ್ಲ.